ನಲವತ್ತು ಅಂಕಕ್ಕಾಗಿ ಬಿಟ್ಟ ಪಾಠ

ಸಾರಜನಕಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ನಾವು ಎಳೆದುಕೊಳ್ಳುವ ಪ್ರತಿ ಉಸಿರಿನಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಇರುವುದು ಅದೇ. ಅದೊಂದೇ ತುಂಬಿದ ಪಾತ್ರೆಯೊಳಗೆ ಇಳಿದವನು ಎರಡು ಮೂರು ಉಸಿರಿಗೆ ಕುಸಿಯುತ್ತಾನೆ. ಕೆಮ್ಮುವುದಿಲ್ಲ, ಕೂಗುವುದಿಲ್ಲ. ಅವನನ್ನು ಎತ್ತಲು ಇಳಿದವನು ಅವನ ಮೇಲೇ ಬೀಳುತ್ತಾನೆ. ಇಷ್ಟು ಪ್ರತಿಯೊಬ್ಬರಿಗೂ ಗೊತ್ತಿರಬೇಕು. ಮುಂಬೈ ಆಚೆಯ ಬೋಯ್ಸರಿನ ಕಾರ್ಖಾನೆಯೊಂದರಲ್ಲಿ ಕೆಲಸದ ಚೀಟಿಗೆ ಸಹಿ ಹಾಕುತ್ತಿದ್ದ ಭಾಲಚಂದ್ರ ಮೇಹೇರನಿಗೆ ಎಲ್ಲರಿಗಿಂತ ಮೊದಲು ಗೊತ್ತಿರಬೇಕಿತ್ತು.

ಅವನು ಮೀನುಗಾರರ ಮನೆಯವನು. ಅಪ್ಪನ ದೋಣಿ ಹತ್ತದೆ ರಸಾಯನಶಾಸ್ತ್ರದಲ್ಲಿ ಡಿಗ್ರಿ ಮಾಡಿ, ಬಣ್ಣಕ್ಕೆ ಬೇಕಾದ ರಾಳ ಕುದಿಸುವ ಕಾರ್ಖಾನೆ ಸೇರಿದ. ಹದಿನಾಲ್ಕು ವರ್ಷ ಪಾಳಿಯಲ್ಲಿ ದುಡಿದ. ಆ ಹದಿನಾಲ್ಕು ವರ್ಷದಲ್ಲಿ ಅವನಿಗೆ ಒಮ್ಮೆಯೂ ಹೆದರಿಕೆಯಾಗಿರಲಿಲ್ಲ. ಹೆದರಿಕೆ ಶುರುವಾದದ್ದು ಓದಲು ಕೂತ ಮೇಲೆ.

ಓದು ಅವನೇ ಹುಡುಕಿಕೊಂಡದ್ದಲ್ಲ. ಕಾರ್ಖಾನೆಯ ಸುರಕ್ಷತಾ ಅಧಿಕಾರಿ ಹೆಚ್ಚು ಸಂಬಳ ಸಿಕ್ಕಿತೆಂದು ಬೇರೆ ಕಡೆ ಹೋದ. ಆ ಕುರ್ಚಿಯಲ್ಲಿ ಕೂರಬೇಕಾದರೆ ಕೈಗಾರಿಕಾ ಸುರಕ್ಷತೆಯ ಡಿಪ್ಲೊಮಾ ಇರಬೇಕೆಂದು ಕಾನೂನು ಹೇಳುತ್ತದೆ. ಮ್ಯಾನೇಜರ್ ಅಭ್ಯಂಕರ್ ಸಾಹೇಬರು ಭಾಲಚಂದ್ರನನ್ನು ಕರೆದು ಡಿಪ್ಲೊಮಾಕ್ಕೆ ಸೇರಿಸಿದರು. ಅಷ್ಟಕ್ಕೆ ನಿಲ್ಲಿಸಿದ್ದರೆ ಈ ಕತೆ ಬರೆಯುವ ಕೆಲಸವಿರುತ್ತಿರಲಿಲ್ಲ. ಮರುದಿನವೇ ಕೆಲಸದ ಚೀಟಿಗಳ ಪುಸ್ತಕವನ್ನೂ ಅವನ ಮೇಜಿನ ಮೇಲೆ ತಂದಿಟ್ಟರು. ಯಾರು ಎತ್ತರಕ್ಕೆ ಹತ್ತಬಹುದು, ಎಲ್ಲಿ ವೆಲ್ಡಿಂಗ್ ಮಾಡಬಹುದು, ಯಾವ ಪಾತ್ರೆಯೊಳಗೆ ಯಾರು ಇಳಿಯಬಹುದು ಎಂದು ಅಪ್ಪಣೆ ಕೊಡುವ ಪುಸ್ತಕ ಅದು. "ಹೇಗೂ ಓದ್ತಿದ್ದೀಯಲ್ಲ" ಅಂದರು ಸಾಹೇಬರು. ಡಾಕ್ಟರ್ ಓದುವವನ ಕೈಗೆ ಮೊದಲ ವರ್ಷದಲ್ಲೇ ಕತ್ತರಿ ಕೊಡುತ್ತೀರಾ? ನಮ್ಮ ಕೈಗಾರಿಕಾ ಎಸ್ಟೇಟಿನಲ್ಲಿ ಕೊಡುತ್ತಾರೆ.

ಬೇಸಿಗೆಯ ಪರೀಕ್ಷೆಯಲ್ಲಿ ಭಾಲಚಂದ್ರ ಕಾನೂನಿನ ಪತ್ರಿಕೆ ದಾಟಿದ, ಔದ್ಯೋಗಿಕ ಆರೋಗ್ಯ ದಾಟಿದ, ಆಡಳಿತವನ್ನೂ ದಾಟಿದ. ಸುರಕ್ಷತಾ ತಂತ್ರಗಳ ಪತ್ರಿಕೆಯಲ್ಲಿ ಮೂವತ್ತೊಂದು ಬಂತು. ಪಾಸಾಗಲು ನಲವತ್ತು ಬೇಕು. ಯಂತ್ರಗಳ ರಕ್ಷಣೆ, ಬೆಂಕಿ, ವಿದ್ಯುತ್ತು, ಎತ್ತರದ ಕೆಲಸ, ಒತ್ತಡದ ಪಾತ್ರೆಗಳು, ಹೀಗೆ ಸಾಯುವ ದಾರಿಗಳೆಲ್ಲ ಇರುವುದು ಆ ಪತ್ರಿಕೆಯಲ್ಲೇ. ಡಿಸೆಂಬರಿನಲ್ಲಿ ಮತ್ತೆ ಬರೆಯಬೇಕಿತ್ತು. ಅಲ್ಲಿಯವರೆಗೂ ಅವನ ಸಹಿಯ ಮೇಲೆ ಜನ ಇಳಿಯುತ್ತಲೇ ಇದ್ದರು, ಹತ್ತುತ್ತಲೇ ಇದ್ದರು. ಪ್ರತಿ ಸಹಿಗೂ ಮುಂಚೆ ಅವನು ಅಂಕಪಟ್ಟಿ ನೆನೆಯುತ್ತಿದ್ದ. ನೂರರಲ್ಲಿ ಅರವತ್ತೊಂಬತ್ತು ಪಾಲು ಗೊತ್ತಿಲ್ಲ ಎಂದು ಸರ್ಕಾರವೇ ಬರೆದುಕೊಟ್ಟಿದೆ. ಇವತ್ತು ಸಹಿ ಹಾಕಿದ ಕೆಲಸ ಆ ಅರವತ್ತೊಂಬತ್ತರೊಳಗಿನದಾದರೆ?

ಗಣಪತಿ ಹಬ್ಬ ಕಳೆದ ಮೇಲೆ ಪಾಟಣಕರ್ ಸರ್ ಹತ್ತಿರ ಹೋದ. ನಿವೃತ್ತಿಯಾದ ಮೇಲೆ ಸ್ಟೇಷನ್ ಹತ್ತಿರ ಬಾಡಿಗೆ ಕೋಣೆ ಹಿಡಿದು ಇದೇ ಡಿಪ್ಲೊಮಾಕ್ಕೆ ಪಾಠ ಹೇಳುತ್ತಿದ್ದವರು ಅವರು. ಅವರ ಕೈಯಲ್ಲಿ ಫೇಲಾದವರು ಕಡಿಮೆ. ಅವರು ಹೇಳಿದ ಕ್ರಮದಲ್ಲೇ ಭಾಲಚಂದ್ರ ಕೆಲಸ ಶುರು ಮಾಡಿದ. ಹಿಂದಿನ ಹತ್ತು ಪರೀಕ್ಷೆಗಳ ಪ್ರಶ್ನೆಪತ್ರಿಕೆ ತಂದ. ದೊಡ್ಡ ಹಾಳೆಯ ಎಡಕ್ಕೆ ಪಠ್ಯದ ಅಧ್ಯಾಯಗಳನ್ನು ಬರೆದು, ಒಂದೊಂದು ಪ್ರಶ್ನೆಗೂ ಅದರದರ ಅಧ್ಯಾಯದ ಎದುರು ಗೆರೆ ಎಳೆದ, ಅಂಕ ಬರೆದ. ಎರಡು ಭಾನುವಾರ ಹಿಡಿಯಿತು. ಹಾಳೆ ಮುಗಿದಾಗ ಪರೀಕ್ಷಕರ ಮನಸ್ಸು ಕಾಣಿಸಿತು. ಯಂತ್ರಗಳ ರಕ್ಷಣೆ ಹತ್ತಕ್ಕೆ ಹತ್ತು ಸಲ ಬಂದಿತ್ತು. ಬೆಂಕಿ ಹತ್ತು ಸಲ, ಕೆಲವೊಮ್ಮೆ ಎರಡೆರಡು ಪ್ರಶ್ನೆ. ಮುಚ್ಚಿದ ಜಾಗದೊಳಗೆ ಇಳಿಯುವ ಕೆಲಸ, ಅಂದರೆ ತೊಟ್ಟಿ, ಗುಂಡಿ, ರಾಳದ ಕಡಾಯಿ, ಇದು ಹತ್ತರಲ್ಲಿ ಎರಡೇ ಸಲ. ಅದೂ ನಾಲ್ಕು ಅಂಕದ ಟಿಪ್ಪಣಿ.

ಪಾಟಣಕರ್ ಸರ್ ಹಾಳೆ ನೋಡಿ ಮೂವತ್ತು ಪ್ರಶ್ನೆಗಳಿಗೆ ಕೆಂಪು ಗುರುತು ಹಾಕಿದರು.

"ಇವು ಬಂದ್ರೆ ಅರವತ್ತು ಗ್ಯಾರಂಟಿ. ಉಳಿದದ್ದಕ್ಕೆ ಸುಮ್ನೆ ತಲೆ ಕೆಡಿಸ್ಕೋಬೇಡ."

ಭಾಲಚಂದ್ರ ಬೆರಳಿಟ್ಟು ಕೇಳಿದ. "ಸರ್, ಕಡಾಯಿ ತೊಳೆಯೋದು ನಮ್ಮಲ್ಲಿ ವಾರಕ್ಕೊಂದ್ಸಲ ಇರುತ್ತೆ. ಇದನ್ನ ಬಿಡೋದಾ?"

"ನಾಲ್ಕು ಅಂಕಕ್ಕೆ ನಲವತ್ತು ಪುಟ ಓದ್ತೀಯಾ? ಪಟ್ಟಿ ಬಾಯಿಪಾಠ ಮಾಡ್ಕೋ, ಸಾಕು. ಕಾರಣಗೀರಣ ಬರೆಯೋಕೆ ಅಲ್ಲಿ ಜಾಗಾನೂ ಇರಲ್ಲ. ಮೊದಲು ಪಾಸಾಗು ಮಾರಾಯ, ಆಮೇಲೆ ಬೇಕಾದ್ರೆ ವಿದ್ವಾಂಸ ಆಗು."

ಸರ್ ಕೆಟ್ಟವರಲ್ಲ. ಮಕ್ಕಳಿರುವ, ಪಾಳಿ ಮುಗಿಸಿ ತೂಕಡಿಸುತ್ತ ಬಂದು ಕೂರುವ ನಲವತ್ತು ದಾಟಿದ ಗಂಡಸರನ್ನು ಅವರು ದಡ ಸೇರಿಸುತ್ತಿದ್ದರು. ಪರೀಕ್ಷೆ ಹೇಗಿದೆಯೋ ಪಾಠವೂ ಹಾಗೆ. ಮನುಷ್ಯನ ಜೀವ ಕಾಯುವವನಿಗೆ ನೂರಕ್ಕೆ ಅರವತ್ತು ಗೊತ್ತಿಲ್ಲದಿದ್ದರೂ ನಡೆಯುತ್ತದೆ ಎಂದು ಒಪ್ಪಿದವರು ಬೇರೆ ಎಲ್ಲೋ ಕೂತಿದ್ದಾರೆ.

ಮನೆಯಲ್ಲಿ ಅವನ ಪರೀಕ್ಷಕಿ ಹೆಂಡತಿ ಜಯವಂತಿ. ಅಂಗನವಾಡಿ ಶಿಕ್ಷಕಿ. ಇಬ್ಬರೂ ಸೇರಿ ಚಿಕ್ಕ ರಟ್ಟಿನ ಚೀಟಿಗಳ ಒಂದು ಬದಿಗೆ ಪ್ರಶ್ನೆ, ಇನ್ನೊಂದು ಬದಿಗೆ ಉತ್ತರ ಬರೆದು ಮೂರು ಬಿಸ್ಕತ್ತಿನ ಡಬ್ಬಿಗಳಲ್ಲಿ ಇಟ್ಟಿದ್ದರು. ಮೊದಲ ಡಬ್ಬಿಯ ಚೀಟಿಗಳನ್ನು ದಿನವೂ ಕೇಳುವುದು, ಎರಡನೆಯದನ್ನು ಮೂರು ದಿನಕ್ಕೊಮ್ಮೆ, ಮೂರನೆಯದನ್ನು ವಾರಕ್ಕೊಮ್ಮೆ. ಸರಿ ಹೇಳಿದರೆ ಚೀಟಿ ಮುಂದಿನ ಡಬ್ಬಿಗೆ ಹೋಗುತ್ತದೆ. ತಪ್ಪಿದರೆ ಎಲ್ಲಿದ್ದರೂ ಮೊದಲನೆಯದಕ್ಕೆ ವಾಪಸು. ಸಂಜೆ ಒಣ ಬೊಂಬಿಲ್ ಮೀನು ಸ್ವಚ್ಛ ಮಾಡುತ್ತ ಅವಳು ಕೇಳುವಳು, ಅವನು ಹೇಳುವನು. ಡಬ್ಬಿ ಬದಲಿಸುವಾಗ ಅವಳು ಕರುಣೆ ತೋರಿಸುತ್ತಿರಲಿಲ್ಲ.

ಕಡಾಯಿಯ ಪಟ್ಟಿಯೊಂದು ಮಾತ್ರ ಮೊದಲ ಡಬ್ಬಿ ಬಿಟ್ಟು ಏಳುತ್ತಿರಲಿಲ್ಲ. ಕಾರಣವಿಲ್ಲದ ಪಟ್ಟಿ ತಲೆಯಲ್ಲಿ ನಿಲ್ಲುವುದಾದರೂ ಹೇಗೆ? ಆಗ ಜಯವಂತಿ ಅಂಗನವಾಡಿಯ ಉಪಾಯ ತೆಗೆದಳು.

"ಮನೇಲಿ ಒಂದು ಸುತ್ತು ಹಾಕ್ರೀ. ಒಂದೊಂದು ಜಾಗದಲ್ಲಿ ಒಂದೊಂದನ್ನ ಇಡೋಣ. ಮಕ್ಕಳು ಹೀಗೇ ಕಲಿಯೋದು."

ಒಂದೇ ಕೋಣೆಯ ಮನೆ. ಬಾಗಿಲ ಚಿಲಕ ಅಂದರೆ ಕೊಳವೆಗಳನ್ನು ಬಂದ್ ಮಾಡಿ ಬೀಗ ಹಾಕುವುದು. ಒಳಗೆ ಬಂದರೆ ಮೊದಲು ಸಿಗುವುದು ಒಲೆ: ಹೊತ್ತಿಕೊಳ್ಳುವ ಅನಿಲ ಇದೆಯೇ ಎಂದು ಅಳೆಯುವುದು. ಆಮೇಲೆ ಗೂಡಿನಲ್ಲಿ ಇಲಿ ಪಾಷಾಣ: ವಿಷದ ಅನಿಲ ಅಳೆಯುವುದು. ಕೋಣೆಯ ಕೊನೆಗೆ ಕಿಟಕಿ: ಆಮ್ಲಜನಕ ಅಳೆಯುವುದು. ಬಟ್ಟೆ ಒಣಹಾಕುವ ಹಗ್ಗ: ಇಳಿಯುವವನ ಸೊಂಟಕ್ಕೆ ಹಗ್ಗ. ಜಯವಂತಿಯ ಅತ್ತೆಯ ಮಂಚ: ಕಡಾಯಿಯ ಬಾಯಿಯ ಹತ್ತಿರ ಕಾವಲು ಕೂರುವವನು, ಮಾತು ನಿಲ್ಲಿಸದವನು. ಅತ್ತೆ ಮಂಚದ ಮೇಲಿಂದ, ತನ್ನನ್ನು ಯಾವ ಪರೀಕ್ಷೆಗೆ ಕೂರಿಸಿದ್ದೀರಿ ಎಂದು ಕೇಳಿದಳು. ನಾಲ್ಕೇ ದಿನಕ್ಕೆ ಚೀಟಿ ಮೂರನೆಯ ಡಬ್ಬಿಗೆ ಹೋಯಿತು.

ಪರೀಕ್ಷೆಗೆ ಐದು ವಾರ ಇದ್ದಾಗ, ಒಂದು ಮಂಗಳವಾರ ಬೆಳಿಗ್ಗೆ, ನಾಲ್ಕನೆಯ ಕಡಾಯಿ ತೊಳೆಯುವ ಚೀಟಿ ಬಂತು. ಎರಡಾಳೆತ್ತರದ ಉಕ್ಕಿನ ಪಾತ್ರೆ. ಒಳಗೆ ಅಂಟಿದ ರಾಳ ಕೆರೆಯಬೇಕು. ರಾಳ ಹೊತ್ತಿಕೊಳ್ಳಬಾರದೆಂದು ಕುದಿಯುವಾಗ ಅದರೊಳಗೆ ಸಾರಜನಕ ಬಿಡುತ್ತಾರೆ. ಆ ಅನಿಲದ ಕೊಳವೆಯ ತಿರುಗಣೆ, ಅಂದರೆ ವಾಲ್ವು, ಬಂದ್ ಆಗಿತ್ತು, ಬೀಗವೂ ಇತ್ತು. ಆದರೆ ಕೊಳವೆಯನ್ನು ಬಿಚ್ಚಿರಲಿಲ್ಲ, ಅನಿಲವನ್ನು ಪೂರ್ತಿ ತಡೆಯುವ ಕುರುಡು ತಟ್ಟೆಯನ್ನು ನಡುವೆ ತೂರಿಸಿರಲಿಲ್ಲ. ಹಳೆಯ ತಿರುಗಣೆ ಒಳಗೊಳಗೇ ಸೋರುತ್ತದೆ. ಗಾಳಿ ಊದುವ ಯಂತ್ರವನ್ನು ಪಕ್ಕದ ವಿಭಾಗದವರು ಒಯ್ದಿದ್ದರು. ಬೆಳಗಿನಿಂದ ಮುಚ್ಚಳ ತೆರೆದೇ ಇದೆ, ಅಷ್ಟು ಸಾಕು ಅಂದರು ಅಭ್ಯಂಕರ್ ಸಾಹೇಬರ ಕಡೆಯವರು.

ಇಳಿಯಬೇಕಾದವನು ಸೋಮಾ ಧಾಂಗಡಾ. ಗುತ್ತಿಗೆಯವನು, ವಾರ್ಲಿ ಬುಡಕಟ್ಟಿನವನು, ಮೂರು ಮಕ್ಕಳ ತಂದೆ. ಅವನ ಜೊತೆ ಭಾವಮೈದುನ ಜಾನೂ ಖರ್ಪಡೆ. ಭಾಲಚಂದ್ರ ಕಡಾಯಿಯ ಬಾಯಿಯ ಹತ್ತಿರ ನಿಂತು ಕಣ್ಣು ಅರೆಮುಚ್ಚಿ, ತುಟಿ ಅಲ್ಲಾಡಿಸುತ್ತ, ಮನಸ್ಸಿನಲ್ಲೇ ಮನೆಯೊಳಗೆ ನಡೆಯುತ್ತಿದ್ದ. ಎಲ್ಲರಿಗೂ ಅದು ಗೊತ್ತಾಗಿಹೋಗಿತ್ತು.

"ಏನ್ ದಾದಾ, ಮನೆ ತಿರುಗಿ ಆಯ್ತಾ? ಅತ್ತಿಗೆ ಟೀ ಕೊಟ್ರಾ?" ಅಂದ ಸೋಮಾ.

"ಸುಮ್ನೆ ಬೆಲ್ಟ್ ಕಟ್ಕೊಳ್ಳೋ."

ಬಾಗಿಲು ಆಯಿತು. ಒಲೆ. ಉದ್ದ ಕೊಳವೆಯ ಅಳತೆಯಂತ್ರವನ್ನು ಕಡಾಯಿಯೊಳಗೆ ಇಳಿಬಿಟ್ಟ. ಮುಳ್ಳು ಅಲುಗಲಿಲ್ಲ. ಸೊನ್ನೆ. ಮೇಲೆ, ನಡುವೆ, ತಳದಲ್ಲಿ, ಮೂರು ಕಡೆಯೂ ಸೊನ್ನೆ. ಆ ಸೊನ್ನೆ ನೋಡಿ ಅವನ ಎದೆ ಎಷ್ಟೋ ವಾರಗಳ ನಂತರ ಹಗುರಾಯಿತಂತೆ. ರಾಳದ ದ್ರಾವಕದ ಆವಿ ಒಂದು ಚೂರೂ ಇಲ್ಲ, ಚೊಕ್ಕ. ವಿಷದ ಅನಿಲ ಅಳೆಯುವ ನಳಿಗೆಯೂ ಬಣ್ಣ ಬದಲಿಸಲಿಲ್ಲ. ಇನ್ನು ಕಿಟಕಿ. ಆಮ್ಲಜನಕದ ಯಂತ್ರ ಬೇರೆ. ಅದರ ಒಳಗಿನ ಕೋಶ ಸತ್ತು ಒಂದು ತಿಂಗಳಾಗಿತ್ತು, ಹೊಸದಕ್ಕೆ ಬರೆದ ಚೀಟಿ ಅಭ್ಯಂಕರ್ ಸಾಹೇಬರ ಮೇಜಿನ ಮೇಲಿತ್ತು. ಎರಡು ಪರೀಕ್ಷೆಯಲ್ಲಿ ಚೊಕ್ಕ ಬಂದ ಮೇಲೆ, ಬಾಯಿ ತೆರೆದ ಪಾತ್ರೆಯಲ್ಲಿ ಗಾಳಿ ಇಲ್ಲದೆ ಏನು ಅನ್ನಿಸಿತು. ಕೊನೆಯಲ್ಲಿರುವುದು ತಾನೇ, ದೊಡ್ಡದಲ್ಲ ಅನ್ನಿಸಿತು. ಚೀಟಿಯ ಆಮ್ಲಜನಕದ ಖಾನೆಯಲ್ಲೂ ಸರಿ ಎಂದು ಗುರುತು ಹಾಕಿ ಸಹಿ ಮಾಡಿದ.

ಸೋಮಾನ ಬೆಲ್ಟಿಗೆ ಹಗ್ಗ ಕಟ್ಟಿ, ಮೇಲಿನ ತೊಲೆಯ ರಾಟೆಗೆ ಹಾಕಿದರು. ಅವನು ಏಣಿಯಲ್ಲಿ ಇಳಿಯತೊಡಗಿದ. ಮಾತು ನಿಲ್ಲಿಸಬಾರದೆಂಬ ನಿಯಮಕ್ಕೆ ಭಾಲಚಂದ್ರ, ದೀಪಾವಳಿಗೆ ಮಕ್ಕಳಿಗೆ ಏನು ತಂದೆ ಎಂದು ಕೇಳಿದ.

"ದೊಡ್ಡವಳಿಗೆ ಫ್ರಾಕು, ಚಿಕ್ಕವನಿಗೆ" ಅಂದ ಸೋಮಾ.

ಚಿಕ್ಕವನಿಗೆ ಏನು ಎಂಬುದು ಬರಲಿಲ್ಲ. ಭಾಲಚಂದ್ರ ಮತ್ತೆ ಕೇಳಿದ. ಹಗ್ಗ ಒಮ್ಮೆಲೇ ಭಾರವಾಯಿತು.

ಮುಂದಿನದನ್ನು ನನಗೆ ಹೇಳಿದವನು ಅವನೇ. ಜಾನೂ ಆಗಲೇ ಕಡಾಯಿಯೊಳಗೆ ಕಾಲು ಹಾಕಿದ್ದ. ಭಾಲಚಂದ್ರ ಅವನ ಸೊಂಟ ಹಿಡಿದು ಹಿಂದಕ್ಕೆ ಎಳೆದ, ಇಬ್ಬರೂ ಕಬ್ಬಿಣದ ಅಟ್ಟದ ಮೇಲೆ ಬಿದ್ದರು. ಜಾನೂ ಅವನ ಮುಖಕ್ಕೆ ಗುದ್ದಿದ.

"ಬಿಡೋ! ನನ್ನ ಅಕ್ಕನ ಗಂಡ ಅವನು!"

"ಹಗ್ಗ ಎಳಿ. ಇಳಿದ್ರೆ ನಿನ್ನಕ್ಕನಿಗೆ ಗಂಡಾನೂ ಇಲ್ಲ, ತಮ್ಮಾನೂ ಇಲ್ಲ. ಎಳಿ."

ನಾಲ್ಕು ಜನ ಎಳೆದರು. ಸೋಮಾನ ಭುಜ ಕಡಾಯಿಯ ಬಾಯಿಗೆ ಸಿಕ್ಕಿಕೊಂಡಿತು, ತಿರುಗಿಸಿ ಮತ್ತೆ ಎಳೆದರು. ತುಟಿ ನೀಲಿ, ಕಣ್ಣು ಮೇಲೆ. ಬಾಯಿಗೆ ಬಾಯಿಟ್ಟು ಊದುತ್ತ ಭಾಲಚಂದ್ರನಿಗೆ ಕೇಳಿಸುತ್ತಿದ್ದದ್ದು ತನ್ನ ಉಸಿರೊಂದೇ. ಹಿಂತಿರುಗಿ ಬರುವ ಉಸಿರಿಲ್ಲ. ನಾನು ಕೊಂದೆ, ನಾನು ಕೊಂದೆ ಎಂದು ಎಣಿಸುತ್ತ ಊದಿದ. ಎಷ್ಟು ಹೊತ್ತೋ ಅವನಿಗೆ ಗೊತ್ತಿಲ್ಲ. ಸೋಮಾ ಗೊರಕೆಯಂಥ ಒಂದು ಸದ್ದು ಮಾಡಿದ. ಆಸ್ಪತ್ರೆಯಲ್ಲಿ ಸಂಜೆಗೆ ಕಣ್ಣು ಬಿಟ್ಟ. ಮೂರು ದಿನ ತನ್ನ ಹಳ್ಳಿಯ ಹೆಸರು ಅವನಿಗೆ ನೆನಪಾಗಲಿಲ್ಲ. ಆದರೆ ಬದುಕಿದ.

ಪಕ್ಕದ ಕಾರ್ಖಾನೆಯಿಂದ ಆಮ್ಲಜನಕದ ಯಂತ್ರ ತರಿಸಿ ಇಳಿಬಿಟ್ಟರು. ಆಮ್ಲಜನಕ ನೂರಕ್ಕೆ ಹತ್ತೊಂಬತ್ತೂವರೆಗಿಂತ ಕಡಿಮೆ ಇರಬಾರದು. ಅಲ್ಲಿದ್ದದ್ದು ಏಳು.

ಭಾಲಚಂದ್ರ ಮನೆಗೆ ಬಂದು ಬಾಗಿಲಲ್ಲೇ ನಿಂತ. ಒಳಗೆ ಕಾಲಿಡಲಾಗಲಿಲ್ಲ. ಬಿಟ್ಟಿದ್ದ ಅಧ್ಯಾಯವನ್ನು ಹೊಸ್ತಿಲ ಮೇಲೆ ಕೂತು ಆಗ ಓದಿದ. ಎರಡನೆಯ ಪುಟದಲ್ಲೇ ಇತ್ತು. ಹೊತ್ತಿಕೊಳ್ಳುವ ಅನಿಲವನ್ನು ಅಳೆಯುವ ಆ ಬಗೆಯ ಯಂತ್ರ, ತನ್ನೊಳಗಿನ ಬಿಸಿ ಮಣಿಯ ಮೇಲೆ ಅನಿಲವನ್ನು ಚೂರೇ ಚೂರು ಉರಿಸಿ ಅಳೆಯುತ್ತದೆ. ಉರಿಯಲು ಆಮ್ಲಜನಕ ಬೇಕು. ಆಮ್ಲಜನಕ ಸಾಲದಿದ್ದರೆ ಪಾತ್ರೆಯ ತುಂಬ ದ್ರಾವಕದ ಆವಿ ಇದ್ದರೂ ಅದು ಕಡಿಮೆ ತೋರಿಸುತ್ತದೆ, ಸೊನ್ನೆಯನ್ನೂ ತೋರಿಸಬಹುದು. ಆದ್ದರಿಂದ ಮೊದಲು ಆಮ್ಲಜನಕ, ಆಮೇಲೆ ಬೆಂಕಿ, ಆಮೇಲೆ ವಿಷ. ನಾಲ್ಕು ಅಂಕದ ಟಿಪ್ಪಣಿಯಲ್ಲಿ ಮೂರನ್ನು ಯಾವ ಕ್ರಮದಲ್ಲಿ ಬರೆದರೂ ಪರೀಕ್ಷಕರು ಅಂಕ ಕೊಡುತ್ತಿದ್ದರು. ಅವನ ಮನೆಯಲ್ಲಿ ಬಾಗಿಲ ಪಕ್ಕ ಒಲೆಯಿತ್ತು, ಕಿಟಕಿ ಕೊನೆಗಿತ್ತು. ಕಲಿತದ್ದು ಆ ಕ್ರಮ.

ಜಯವಂತಿ ಕೇಳಿ ಒಲೆಯ ಕಡೆ ತಿರುಗಿದಳು. "ಒಲೆ ಮೊದಲು ಇಟ್ಟವಳು ನಾನು" ಅಂದಳು. ಇಲ್ಲ, ಯಾಕೆ ಎಂದು ಕೇಳದೆ ಬಾಯಿಪಾಠ ಮಾಡಿದವನು ನಾನು ಅಂದ ಅವನು. ಮರುದಿನ ಅವಳು ಅವನನ್ನು ಮನೆಯ ಹಿಂದಕ್ಕೆ ಕರೆದುಕೊಂಡು ಹೋಗಿ ಕಿಟಕಿಯ ಹೊರಗೆ ನಿಲ್ಲಿಸಿದಳು.

"ಇಲ್ಲಿಂದ ಶುರು ಮಾಡಿ. ಹೊರಗೇ ನಿಂತು ಮೊದಲು ಉಸಿರು ನೋಡಿ. ಪ್ರತಿ ಚೀಟಿಗೂ ಯಾಕೆ ಅಂತ ಬರೆದು ಕೊಡಿ. ಯಾಕೆ ಹೇಳದಿದ್ರೆ ಡಬ್ಬಿ ಬದಲಿಸಲ್ಲ."

ಗೆರೆ ಎಳೆದ ಹಾಳೆಯನ್ನು ಅವನು ಮತ್ತೆ ಬಿಡಿಸಿದ. ಎಷ್ಟು ಸಲ ಕೇಳಿದ್ದಾರೆ ಎಂಬ ಸಾಲಿನ ಪಕ್ಕ ಇನ್ನೊಂದು ಸಾಲು ಎಳೆದ: ನಮ್ಮ ಕಾರ್ಖಾನೆಯಲ್ಲಿ ಇದು ವಾರಕ್ಕೆ ಎಷ್ಟು ಸಲ ನಡೆಯುತ್ತದೆ. ಎರಡೂ ಸಾಲು ಹೊಂದಲೇ ಇಲ್ಲ. ಯಂತ್ರಗಳ ರಕ್ಷಣೆ ಹತ್ತು ಸಲ ಕೇಳಿದ್ದರು, ಅದು ಅವನ ವಿಭಾಗದಲ್ಲಿ ತಿಂಗಳಿಗೊಮ್ಮೆ ಬೇಕಾಗುತ್ತಿತ್ತು. ಎರಡೇ ಸಲ ಕೇಳಿದ್ದು ಪ್ರತಿ ಮಂಗಳವಾರ ಬಾಯಿ ತೆರೆದು ಕೂತಿತ್ತು.

ಗುರುವಾರ ಅಭ್ಯಂಕರ್ ಸಾಹೇಬರು ವರದಿ ಬರೆಯಲು ಕರೆದರು. ಕಾಗದ ಆಗಲೇ ಸಿದ್ಧವಿತ್ತು. ಕಾರ್ಮಿಕ ಬೆಳಿಗ್ಗೆ ಏನೂ ತಿಂದಿರಲಿಲ್ಲ, ಬಿಸಿಲಿಗೆ ತಲೆ ಸುತ್ತಿತು, ಸಹೋದ್ಯೋಗಿಗಳು ಸಮಯಪ್ರಜ್ಞೆಯಿಂದ ಪಾರು ಮಾಡಿದರು. ಸಹಿ ಹಾಕಿದರೆ ಸಾಕು.

"ನಿನ್ನ ಒಳ್ಳೇದಕ್ಕೇ ಹೇಳ್ತಿದ್ದೀನಿ. ಸಹಿ ಯಾರದು? ನಿಂದು. ನಿಜ ಬರೆದ್ರೆ ಮೊದಲು ಹೋಗೋದು ನೀನೇ. ಡಿಸೆಂಬರಲ್ಲಿ ಪಾಸಾಗ್ತೀಯ, ಜನವರಿಗೆ ಕುರ್ಚಿ ನಿಂದು. ಹಾಳು ಮಾಡ್ಕೋಬೇಡ" ಅಂದರು ಸಾಹೇಬರು.

ಭಾಲಚಂದ್ರನಿಗೆ ಜೈಲು ಕಣ್ಣಮುಂದೆ ಬಂತು. ಜಯವಂತಿಯ ಅಂಗನವಾಡಿಯ ಸಂಬಳದಲ್ಲಿ ಮನೆ ನಡೆಯುವುದಿಲ್ಲ ಎಂಬುದೂ ಬಂತು. ನೀರು ಕೇಳಿ ಕುಡಿದ. ಆಮೇಲೆ ಆ ಕಾಗದವನ್ನು ಪಕ್ಕಕ್ಕಿಟ್ಟು ಬೇರೆ ಹಾಳೆ ತೆಗೆದುಕೊಂಡು ಬರೆದ. ಸಾರಜನಕದ ಕೊಳವೆಗೆ ಕುರುಡು ತಟ್ಟೆ ಹಾಕಿರಲಿಲ್ಲ. ಗಾಳಿ ಊದಿರಲಿಲ್ಲ. ಆಮ್ಲಜನಕ ಅಳೆದಿರಲಿಲ್ಲ, ಯಂತ್ರ ಕೆಟ್ಟಿತ್ತು. ಅಳೆದಂತೆ ಗುರುತು ಹಾಕಿ ಸಹಿ ಮಾಡಿದವನು ನಾನು. ಆಗ ನಾನು ಈ ಕೆಲಸಕ್ಕೆ ಅರ್ಹನಾಗಿರಲಿಲ್ಲ. ಒಂದು ಪ್ರತಿ ಸಾಹೇಬರ ಮೇಜಿಗೆ ಇಟ್ಟ. ಇನ್ನೊಂದನ್ನು ಕಾರ್ಖಾನೆಗಳ ತನಿಖಾಧಿಕಾರಿಗಳ ಕಚೇರಿಗೆ ತಾನೇ ಹೋಗಿ ಕೊಟ್ಟು, ಮೊಹರು ಹಾಕಿಸಿಕೊಂಡು ಬಂದ.

ಚೀಟಿಗಳ ಪುಸ್ತಕ ಅದೇ ದಿನ ಅವನ ಮೇಜಿನಿಂದ ಹೋಯಿತು. ಅವನನ್ನು ಪಾಳಿಗೆ ಹಾಕಿದರು. ತನಿಖೆ ಇನ್ನೂ ನಡೆಯುತ್ತಿದೆ. ಅದರಲ್ಲಿ ಮೊದಲ ಹೆಸರು ಅವನದೇ.

ಡಿಸೆಂಬರಿನಲ್ಲಿ ಅವನು ಪರೀಕ್ಷೆ ಬರೆದ. ಮುಚ್ಚಿದ ಜಾಗದ ಬಗ್ಗೆ ಒಂದು ಅಕ್ಷರವೂ ಕೇಳಿರಲಿಲ್ಲ. ಐವತ್ತೆಂಟು ಬಂತು. ಸುರಕ್ಷತಾ ಅಧಿಕಾರಿಯಾಗಲು ಕಾನೂನು ಕೇಳುವ ಡಿಪ್ಲೊಮಾ ಈಗ ಅವನ ಹತ್ತಿರವಿದೆ. ಕುರ್ಚಿ ಕೊಟ್ಟಿಲ್ಲ. ಪುಸ್ತಕ ಈಗ ಉಗ್ರಾಣದ ಗುಮಾಸ್ತನೊಬ್ಬನ ಮೇಜಿನ ಮೇಲಿದೆ. ಅವನು ಯಾವ ಡಿಪ್ಲೊಮಾವನ್ನೂ ಓದುತ್ತಿಲ್ಲ. ನೆಮ್ಮದಿಯಿಂದ ಸಹಿ ಹಾಕುತ್ತಾನೆ. ಮಂಗಳವಾರ ಬಂದರೆ ಭಾಲಚಂದ್ರ ತನ್ನ ಪಾಳಿ ಇರಲಿ ಇಲ್ಲದಿರಲಿ ಕಡಾಯಿಯ ಹತ್ತಿರ ಹೋಗಿ ನಿಲ್ಲುತ್ತಾನೆ, ಮುಖ ಬಿಳಿಚಿಕೊಂಡು. ಹೋಗು ಅಂದರೂ ಹೋಗುವುದಿಲ್ಲ. ಇಳಿಯುವವರು ಅವನ ಮುಖ ನೋಡುತ್ತಾರೆ. ಅವನು ತಲೆಯಾಡಿಸದೆ ಜಾನೂ ಏಣಿ ಮುಟ್ಟುವುದಿಲ್ಲ.

ಎಲ್ಲ ಕಡಾಯಿಯ ಹತ್ತಿರವೂ ಅವನು ಹೋಗಿ ನಿಲ್ಲಲಾರ. ಇದನ್ನು ಓದುತ್ತಿರುವ ನಿಮ್ಮ ಕೈಯಲ್ಲಿ ಇನ್ನೊಬ್ಬರನ್ನು ಕೆಲಸಕ್ಕೆ ಇಳಿಸುವ ಪೆನ್ನು ಇರಬಹುದು. ನೀವು ಮೇಲ್ವಿಚಾರಕರಿರಬಹುದು, ಗುತ್ತಿಗೆದಾರರಿರಬಹುದು, ಮೇಲಿನವರು ತಳ್ಳಿದ ಪುಸ್ತಕವನ್ನು ಬೇಡ ಅನ್ನಲಾರದ ಗುಮಾಸ್ತರಿರಬಹುದು. ನಾಳೆ ಬೆಳಿಗ್ಗೆ ಆ ಚೀಟಿಯ ಒಂದೊಂದು ಖಾನೆಯ ಮೇಲೂ ಬೆರಳಿಟ್ಟು, ಯಾಕೆ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಒಂದಕ್ಕಾದರೂ ಉತ್ತರ ಬಾರದಿದ್ದರೆ ಪುಸ್ತಕ ಮುಚ್ಚಿ, ಕೊಟ್ಟವರ ಮೇಜಿನ ಮೇಲೆ ವಾಪಸು ಇಟ್ಟು ಬನ್ನಿ.